‘ಮಾಹಿತಿದಾರ’ ಎಂಬ ಪದವನ್ನು ಕೈಬಿಟ್ಟ ಮೇಲೆ

ನಮ್ಮ ಸಿದ್ಧ ಉಡುಪು ಕಾರ್ಖಾನೆಯ ನೀತಿಸಂಹಿತೆಯನ್ನು ಕನ್ನಡಕ್ಕೆ ತರುವಾಗ ‘ವಿಷಲ್‌ಬ್ಲೋವರ್’ಗೆ ನಾನು ‘ಮಾಹಿತಿದಾರ’ ಎಂದು ಬರೆದಿದ್ದೆ. ಕರಡನ್ನು ಹೊಲಿಗೆ ವಿಭಾಗದವರಿಗೆ ಓದಿ ಹೇಳಿದಾಗ ಹಿರಿಯ ಟೈಲರ್ ಒಬ್ಬರು, “ಇದು ಪೊಲೀಸರಿಗೆ ಸುದ್ದಿ ಮುಟ್ಟಿಸುವವರ ಹೆಸರಲ್ಲವೇ ಸರ್?” ಎಂದರು. ಆ ನಾಮಪದವನ್ನೇ ಬಿಟ್ಟು ‘ಅಕ್ರಮ ಕಂಡು ದೂರು ನೀಡುವ ನೌಕರರು’ ಎಂದು ಬಿಡಿಸಿ ಬರೆದೆ.

ಇದಕ್ಕಿಂತ ತೊಡಕಾದದ್ದು ‘ಸದ್ಭಾವನೆಯಿಂದ ನೀಡಿದ ದೂರು’ ಎಂಬ ಮಾತು. ಮೇಲ್ವಿಚಾರಕರ ಮೇಲೆ ಪ್ರೀತಿ ಇಟ್ಟುಕೊಂಡೇ ದೂರಬೇಕೆಂದು ಕೆಲವರೂ, ಸಾಕ್ಷಿ ಸಮೇತ ಬರಬೇಕೆಂದು ಉಳಿದವರೂ ತಿಳಿದಿದ್ದರು. ಆದ್ದರಿಂದ, ‘ನೀವು ಹೇಳುತ್ತಿರುವುದು ನಿಜವೆಂದು ನಂಬಲು ನಿಮಗೆ ಕಾರಣವಿದ್ದರೆ ಸಾಕು, ಸಾಬೀತು ಮಾಡುವ ಹೊಣೆ ನಿಮ್ಮದಲ್ಲ, ಆದರೆ ಸುಳ್ಳೆಂದು ಗೊತ್ತಿದ್ದೂ ದೂರಿದರೆ ಶಿಸ್ತುಕ್ರಮವಾಗುತ್ತದೆ’ ಎಂದು ತಿದ್ದಿದೆ. ಸಿನಿಮಾದ ಹಗೆಯಂತೆ ಕೇಳುತ್ತಿದ್ದ ‘ಪ್ರತೀಕಾರ’ದ ಜಾಗದಲ್ಲಿ, ದೂರಿದ ಕಾರಣಕ್ಕೆ ಪಾಳಿ ಬದಲಿಸುವುದು, ಓಟಿ ತಪ್ಪಿಸುವುದು, ಕೆಲಸದಿಂದ ತೆಗೆಯುವುದು ಎಂದು ಹೆಸರಿಸಿದೆ.

‘ತಕ್ಕದ್ದು’ಗಳೆಲ್ಲ ‘ನೀವು ಮಾಡಬೇಕು’, ‘ಮಾಡಬಾರದು’ ಆದವು. ವಿವಾದವಾದರೆ ಇಂಗ್ಲಿಷ್ ಪಾಠವೇ ಅಂತಿಮವೆಂಬ ಷರತ್ತಿದ್ದುದರಿಂದ, ಹೀಗೆ ಬಿಡಿಸಿದ ವಾಕ್ಯಗಳು ಮೂಲಕ್ಕಿಂತ ಹೆಚ್ಚಿನ ಭರವಸೆ ಕೊಡುತ್ತಿಲ್ಲವೆಂದು ವಕೀಲರಿಂದ ಖಚಿತಪಡಿಸಿಕೊಂಡ ನಂತರವೇ ಅದನ್ನು ಸೂಚನಾ ಫಲಕಕ್ಕೆ ಹಾಕಿದೆವು.