ಹಾಡಿನ ತುಣುಕೊಂದು ರಿಂಗ್‌ಟೋನ್ ಆಗುವ ಬಗೆ

ಶಿಡ್ಲಘಟ್ಟದ ರೇಷ್ಮೆ ಗೂಡಿನ ಮಾರುಕಟ್ಟೆಗೆ ಬೆಳೆ ಬಂದಾಗಲೆಲ್ಲ ಗೂಡು ಒಯ್ಯುವ ನಮ್ಮ ಭಾವನವರ ಫೋನಿನಲ್ಲಿ, ಅಲ್ಲಿದ್ದಷ್ಟು ಹೊತ್ತೂ ಮಿಸ್ಡ್ ಕಾಲ್‌ಗಳೇ ತುಂಬಿರುತ್ತಿದ್ದವು. ಫೋನು ಕೆಟ್ಟಿರಲಿಲ್ಲ, ಸದ್ದೂ ಪೂರ್ತಿ ಏರಿಸಿತ್ತು. ಊರ ಜಾತ್ರೆಯಲ್ಲಿ ತಮಟೆಯೊಡನೆ ಅಕ್ಕ ಹಾಡಿದ್ದನ್ನು ತಾವೇ ಫೋನಿನಲ್ಲಿ ಮುದ್ರಿಸಿಕೊಂಡು, 3 ನಿಮಿಷ 40 ಸೆಕೆಂಡಿನ ಆ ಕಡತವನ್ನು ಇಡಿಯಾಗಿ ರಿಂಗ್‌ಟೋನ್ ಮಾಡಿಕೊಂಡಿದ್ದರು. ಅದರ ಮೊದಲ 20 ಸೆಕೆಂಡಿನಲ್ಲಿ ಇದ್ದದ್ದು ಜನರ ಮಾತು ಮತ್ತು ಮೆಲುವಾದ ಶ್ರುತಿ ಮಾತ್ರ. "ಹಾಡು ಶುರುವಾಗೋ ಹೊತ್ತಿಗೆ ಫೋನೇ ನಿಂತು ಹೋಗುತ್ತೆ ಕಣಪ್ಪ" ಎಂದು ಅವರು ಹೇಳಿದ್ದು ಹೆಚ್ಚುಕಡಿಮೆ ನಿಜವೇ ಆಗಿತ್ತು. ಮೊಬೈಲ್ ಕರೆಯನ್ನು ಯಾರೂ ಎತ್ತದಿದ್ದರೆ ಅದು 30 ಸೆಕೆಂಡು ಮೊಳಗಬೇಕೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2019ರ ನವೆಂಬರಿನಲ್ಲಿ ನಿಗದಿ ಮಾಡಿದೆ. ಆ 30ರಲ್ಲಿ 20 ಸೆಕೆಂಡು ಪಿಸುಮಾತಿಗೇ ಕಳೆದುಹೋದರೆ ಗೂಡಿನ ಮಾರುಕಟ್ಟೆಯ ಗದ್ದಲದಲ್ಲಿ ಯಾರಿಗೆ ತಾನೇ ಕೇಳಿಸೀತು?

ಆದುದರಿಂದ ಮೊದಲ ನಿರ್ಧಾರ ಉದ್ದದ್ದು. ಆಂಡ್ರಾಯ್ಡ್ ಫೋನು ಎಷ್ಟು ಉದ್ದದ ಕಡತವನ್ನಾದರೂ ರಿಂಗ್‌ಟೋನ್ ಆಗಿ ಒಪ್ಪಿಕೊಳ್ಳುತ್ತದೆ, ಆದರೆ 30 ಸೆಕೆಂಡಿನ ಆಚೆಗಿನ ಭಾಗ ಸಾಮಾನ್ಯವಾಗಿ ಯಾರ ಕಿವಿಗೂ ಬೀಳುವುದಿಲ್ಲ. ತುಣುಕು ಅದಕ್ಕಿಂತ ಚಿಕ್ಕದಾಗಿದ್ದರೆ ಫೋನು ಅದನ್ನು ಮತ್ತೆ ಮೊದಲಿನಿಂದ ನುಡಿಸುತ್ತದೆ. ಹೀಗಾಗಿ 20ರಿಂದ 30 ಸೆಕೆಂಡು ಸಾಕು.

ಎರಡನೆಯ ನಿರ್ಧಾರ, ಎಲ್ಲಿಂದ ಕತ್ತರಿಸಬೇಕು ಎಂಬುದು. ನಮಗೆ ಹಾಡಿನಲ್ಲಿ ಇಷ್ಟವಾದ ಸಾಲೇ ರಿಂಗ್‌ಟೋನಿಗೂ ಒಳ್ಳೆಯದು ಎಂದೇನಿಲ್ಲ. ಫೋನಿನ ಸ್ಪೀಕರ್ ಬೆರಳ ತುದಿಯಷ್ಟು ಚಿಕ್ಕದು. ಡೊಳ್ಳಿನ ಗುಡುಗಿನಂತಹ ಮಂದ್ರ ನಾದವನ್ನು ಅದು ಹೊರಡಿಸಲಾರದು. ತಮಟೆಯ ಚುರುಕು ಏಟು, ನಾದಸ್ವರ, ಕೊಳಲು, ಹೆಣ್ಣು ದನಿಯ ತಾರಸ್ಥಾಯಿ ಇವು ಮಾತ್ರ ಜೇಬಿನ ಬಟ್ಟೆಯನ್ನೂ ದಾಟಿ ಬರುತ್ತವೆ. ಭಾವನವರ ಮುದ್ರಣದಲ್ಲಿ 1 ನಿಮಿಷ 12ನೇ ಸೆಕೆಂಡಿಗೆ ತಮಟೆಯೂ ಅಕ್ಕನ ಏರುದನಿಯೂ ಒಟ್ಟಿಗೆ ಹೊಮ್ಮುತ್ತಿದ್ದವು. ನಾವು ಅಲ್ಲಿಂದಲೇ ಹಿಡಿದೆವು.

ಕತ್ತರಿಸಲು ಬಳಸಿದ್ದು ಕಂಪ್ಯೂಟರಿನಲ್ಲಿ ಉಚಿತವಾಗಿ ಸಿಗುವ Audacity. ಫೋನಿನ ಧ್ವನಿಮುದ್ರಕ ಉಳಿಸಿದ ಕಡತ .m4a ಆಗಿದ್ದರಿಂದ ಮೊದಲು ಅದು ತೆರೆದುಕೊಳ್ಳಲೇ ಇಲ್ಲ. ವಿಂಡೋಸ್ ಕಂಪ್ಯೂಟರಿನಲ್ಲಿ ಈ ಬಗೆಯ ಕಡತವನ್ನು ಓದಲು FFmpeg ಎಂಬ ಜೊತೆ ತಂತ್ರಾಂಶವನ್ನೂ ಹಾಕಿಕೊಳ್ಳಬೇಕು; .mp3 ಅಥವಾ .wav ಆಗಿದ್ದರೆ ಈ ತೊಡಕಿಲ್ಲ. ಹಾಡಿನ ಆ್ಯಪ್‌ನೊಳಗೆ ಆಫ್‌ಲೈನ್ ಕೇಳಲೆಂದು ಇಳಿಸಿಕೊಂಡ ಹಾಡು ಮಾತ್ರ ಇದಾವುದಕ್ಕೂ ಒದಗುವುದಿಲ್ಲ, ಏಕೆಂದರೆ ಅದು ಬೀಗ ಹಾಕಿದ ಕಡತ. ಆ ಆ್ಯಪ್‌ನ ಹೊರಗೆ ಅದು ನುಡಿಯದು.

ಕಡತ ತೆರೆದ ಮೇಲೆ ಪರದೆಯಲ್ಲಿ ತಮಟೆಯ ಪ್ರತಿ ಏಟೂ ಮುಳ್ಳಿನಂತೆ ಎದ್ದು ಕಾಣುತ್ತದೆ. ಈ ಮುಳ್ಳುಗಳನ್ನು ಎಣಿಸುವುದರಲ್ಲೇ ಅರ್ಧ ಕೆಲಸವಿದೆ. ನಮ್ಮ ಹಾಡಿನಲ್ಲಿ ತಾಳದ ಒಂದು ಸುತ್ತಿಗೆ 2.4 ಸೆಕೆಂಡು ಹಿಡಿಯುತ್ತಿತ್ತು. ಹತ್ತು ಸುತ್ತು ತೆಗೆದುಕೊಂಡರೆ ಸರಿಯಾಗಿ 24 ಸೆಕೆಂಡು. ಎಂದರೆ 1:12ರಿಂದ 1:36ರವರೆಗೆ. ಹೀಗೆ ಸುತ್ತು ಪೂರ್ತಿಯಾಗುವಲ್ಲಿ ತುಂಡರಿಸಿದರೆ ಫೋನು ತುಣುಕನ್ನು ಮರಳಿ ಶುರು ಮಾಡುವಾಗ ತಾಳ ತಪ್ಪುವುದಿಲ್ಲ. 25 ಸೆಕೆಂಡೆಂದು ಸುಮ್ಮನೆ ದುಂಡಗೆ ಮಾಡಿದ್ದರೆ ಪ್ರತಿ ಸಲವೂ ತಮಟೆಯವನು ಎಡವಿದಂತೆ ಕೇಳುತ್ತಿತ್ತು. ಆರಿಸಿದ ಭಾಗವನ್ನು Loop ಗುಂಡಿ ಒತ್ತಿ ನಾಲ್ಕಾರು ಬಾರಿ ಸುತ್ತಿಸಿ ಕೇಳಿದರೆ ತಪ್ಪು ಕೂಡಲೇ ಗೊತ್ತಾಗುತ್ತದೆ.

ಆಯ್ಕೆ ಸರಿಬಂದ ಮೇಲೆ ಕೀಲಿಮಣೆಯ Z ಒತ್ತಬೇಕು. ಇದು ಆಯ್ಕೆಯ ಎರಡೂ ತುದಿಗಳನ್ನು ಅಲೆಯು ಸೊನ್ನೆಯ ಗೆರೆ ದಾಟುವ ಹತ್ತಿರದ ಬಿಂದುವಿಗೆ ಸರಿಸುತ್ತದೆ. ಹಾಗೆ ಮಾಡದೆ ಅಲೆಯ ನಡುವೆ ಕತ್ತರಿಸಿದರೆ ಶುರುವಿನಲ್ಲಿ "ಟಪ್" ಎಂಬ ಸದ್ದು ಉಳಿಯುತ್ತದೆ. ಬಳಿಕ Ctrl+T ಒತ್ತಿದರೆ ಆರಿಸಿದ್ದು ಉಳಿದು ಮಿಕ್ಕದ್ದು ಹೋಗುತ್ತದೆ. ಉಳಿದ ತುಣುಕು ಪರದೆಯಲ್ಲಿ ಇನ್ನೂ 1:12ರ ಜಾಗದಲ್ಲೇ ಕುಳಿತಿರುತ್ತದೆಯಾದ್ದರಿಂದ ಅದನ್ನು ಎಳೆದು 0ಗೆ ತಂದಿಡಬೇಕು. ಇಲ್ಲವಾದರೆ, ತಂತ್ರಾಂಶದ ಆಯ್ಕೆಗಳು ಹೇಗಿವೆ ಎಂಬುದರ ಮೇಲೆ, ಉಳಿಸಿದ ಕಡತದ ಮೊದಲ 72 ಸೆಕೆಂಡು ಮೌನವೇ ಆಗಿಬಿಡಬಹುದು.

ಇನ್ನು ಸದ್ದು. ಇಲ್ಲಿ ಬಹಳ ಮಂದಿ ಮಾಡುವ ತಪ್ಪೆಂದರೆ ಕೇಳಿಸಲಿಲ್ಲವೆಂದು ಸದ್ದನ್ನು ಮಿತಿ ಮೀರಿ ಏರಿಸುವುದು. ಅಲೆಯ ನೆತ್ತಿ ಕತ್ತರಿಸಿದಂತೆ ಚಪ್ಪಟೆಯಾಗಿ, ದನಿ ಒಡೆದು ಕರಕರ ಎನ್ನುತ್ತದೆ. ಅದರ ಬದಲು ಮೊದಲು High-Pass Filter ತೆರೆದು 300 Hz ಎಂದು ಕೊಡಬೇಕು. ಸ್ಪೀಕರ್ ಹೇಗೂ ಸರಿಯಾಗಿ ನುಡಿಸಲಾಗದ ಮಂದ್ರಭಾಗ ಇದರಿಂದ ತಗ್ಗುತ್ತದೆ, ಅದು ಹಿಡಿದಿದ್ದ ಜಾಗ ತಮಟೆಗೂ ದನಿಗೂ ದೊರೆಯುತ್ತದೆ. ಆಮೇಲೆ Normalize ತೆರೆದು −1 dB ಎಂದು ಕೊಟ್ಟರೆ ಒಡೆಯದ ಮಿತಿಯೊಳಗೇ ಸದ್ದು ಏರುತ್ತದೆ. ಇಯರ್‌ಫೋನಿನಲ್ಲಿ ಕೇಳಿದರೆ ಹಾಡು ಸೊರಗಿದಂತೆ ಅನಿಸುವುದು ಸಹಜ. ತೀರ್ಪನ್ನು ಫೋನಿನ ಸ್ಪೀಕರಿಗೇ ಬಿಡಬೇಕು. ಹಾಡು ಮೆಲ್ಲಗೆ ಏರಿಬರಲೆಂದು ಶುರುವಿಗೆ ಎರಡು ಮೂರು ಸೆಕೆಂಡಿನ Fade In ಹಾಕುವ ಅಭ್ಯಾಸವೂ ಇದೆ. ನನಗದು ಸರಿಕಾಣುವುದಿಲ್ಲ, ಕರೆಯುವುದಕ್ಕೇ ಇಟ್ಟ ಸದ್ದು ಮುಸುಕು ಹೊದ್ದು ಬರುವುದೇಕೆ?

ಉಳಿಸುವಾಗ .mp3 ಆರಿಸಿದರೆ ಎಲ್ಲ ಆಂಡ್ರಾಯ್ಡ್ ಫೋನುಗಳಲ್ಲೂ ನಡೆಯುತ್ತದೆ. 128 kbpsನಲ್ಲಿ 24 ಸೆಕೆಂಡಿನ ಕಡತ 384 ಕೆಬಿ ಮಾತ್ರ. ಆದರೆ .mp3 ಕಡತದ ಆದಿ ಅಂತ್ಯಗಳಲ್ಲಿ ಆ ಸ್ವರೂಪದ ರಚನೆಯಿಂದಲೇ ಕಣ್ಣೆವೆಯಷ್ಟು ಮೌನ ಸೇರಿಕೊಳ್ಳುತ್ತದೆ, ಮರುಸುತ್ತಿನಲ್ಲಿ ಅದು ತಾಳದ ಸಣ್ಣ ತೊದಲಾಗಿ ಕೇಳಿಸಬಹುದು. ತಾಳವೇ ಮುಖ್ಯವಾದ ನಮ್ಮ ತುಣುಕನ್ನು ಈ ಕಾರಣಕ್ಕೆ .ogg ಆಗಿ ಉಳಿಸಿದೆವು. ಆಂಡ್ರಾಯ್ಡ್ ತನ್ನ ಸ್ವಂತ ರಿಂಗ್‌ಟೋನ್‌ಗಳನ್ನು ಇಟ್ಟುಕೊಳ್ಳುವುದೂ ಇದೇ ಸ್ವರೂಪದಲ್ಲಿ.

ಕಡತವನ್ನು ಫೋನಿನ ಒಳಸಂಗ್ರಹದ Ringtones ಎಂಬ ಫೋಲ್ಡರಿಗೆ ಹಾಕಿದರೆ ಸೆಟ್ಟಿಂಗ್ಸ್‌ನ ರಿಂಗ್‌ಟೋನ್ ಪಟ್ಟಿಯಲ್ಲಿ ಅದರ ಹೆಸರು ಕಾಣಿಸಿಕೊಳ್ಳುತ್ತದೆ. ಮೆಮೊರಿ ಕಾರ್ಡಿನಲ್ಲಿ ಇಡದಿರುವುದು ಮೇಲು. ಕಾರ್ಡು ತೆಗೆದರೆ ಅಥವಾ ಕಡತವನ್ನು ಬೇರೆಡೆಗೆ ಸರಿಸಿದರೆ ಫೋನು ಸದ್ದಿಲ್ಲದೆ ತನ್ನ ಮೂಲ ಟೋನಿಗೆ ಮರಳುತ್ತದೆ. ಐಫೋನಿನಲ್ಲಿ ದಾರಿ ಬೇರೆ. ಅದರ ರಿಂಗ್‌ಟೋನ್ ಕಡತದ ಬಾಲ .m4r, ಒಳಗಿರುವುದು .m4aಯಲ್ಲಿರುವ AAC ಧ್ವನಿಯೇ. ಆ್ಯಪಲ್‌ನವರದೇ ಉಚಿತ ಆ್ಯಪ್ ಆದ GarageBandನಲ್ಲಿ ತುಣುಕನ್ನು ತೆರೆದು Share ಮೂಲಕ Ringtone ಆಗಿ ಹೊರತರಬಹುದು. ಅಲ್ಲಿ 30 ಸೆಕೆಂಡು ಮೀರುವಂತಿಲ್ಲ.

ನೋಟಿಫಿಕೇಶನ್ ಟೋನಿನ ಲೆಕ್ಕವೇ ಬೇರೆ. ಭಾವನವರ ಮಗ ಉತ್ಸಾಹದಲ್ಲಿ ಇದೇ 24 ಸೆಕೆಂಡಿನ ಕಡತವನ್ನು ಸಂದೇಶಗಳಿಗೂ ಇಟ್ಟುಬಿಟ್ಟಿದ್ದ. ಮಾರನೆಯ ಬೆಳಿಗ್ಗೆ ಗೂಡಿನ ದರ ಹಂಚಿಕೊಳ್ಳುವ ವಾಟ್ಸ್ಆ್ಯಪ್ ಗುಂಪು ಎಚ್ಚರಗೊಂಡಿತು. ಸಂದೇಶ ಬಂದಾಗಲೆಲ್ಲ ತಮಟೆ ಮೊದಲಿನಿಂದ ಶುರುವಾಗಿ, ಮಾರುಕಟ್ಟೆಯಲ್ಲಿ ಅಕ್ಕಪಕ್ಕದವರು ಯಾವ ದೇವರ ಮೆರವಣಿಗೆ ಎಂದು ಕೇಳುವಂತಾಯಿತು. ಸಂದೇಶದ ಟೋನನ್ನು ಆಂಡ್ರಾಯ್ಡ್ ಕರೆಯಂತೆ ತಾನಾಗಿ ತಡೆದು ನಿಲ್ಲಿಸುವುದಿಲ್ಲ, ಫಲಕವನ್ನು ಸರಿಸುವ ತನಕ ಕಡತದ ಕೊನೆಯವರೆಗೂ ನುಡಿಸುತ್ತದೆ. ಹಾಗಾಗಿ ಒಂದೆರಡು ಸೆಕೆಂಡೇ ಹೆಚ್ಚು. ಅದೇ ಹಾಡಿನ ಕೊನೆಯಲ್ಲಿ ತಮಟೆ ಮೂರು ಏಟು ಹೊಡೆದು ನಿಲ್ಲುವ 1.2 ಸೆಕೆಂಡನ್ನು ಬೇರೆಯಾಗಿ ಕತ್ತರಿಸಿದೆವು. ಇಲ್ಲಿ ಮರುಸುತ್ತು ಇಲ್ಲದ ಕಾರಣ ಕೊನೆಯ ಏಟಿನ ಅನುರಣನ ಅಡಗುವಂತೆ 0.2 ಸೆಕೆಂಡಿನ Fade Out ಹಾಕಿ, Notifications ಫೋಲ್ಡರಿಗೆ ಸೇರಿಸಿ, ದರದ ಗುಂಪಿಗೆ ಮಾತ್ರ ಅದನ್ನು ಗೊತ್ತುಮಾಡಿದೆವು. ಈಗ ಫೋನು ಜೇಬಿನಲ್ಲಿದ್ದರೂ, ಬಂದದ್ದು ಕರೆಯೋ ಗೂಡಿನ ದರವೋ ಎಂಬುದು ಭಾವನವರಿಗೆ ತೆಗೆದು ನೋಡದೆಯೇ ತಿಳಿಯುತ್ತದೆ.