ಆಡಿಟರ್ ಬದಲಿಸುವಾಗ ನಾನು ಎರಡು ಸಲ ಬರೆದ ಪತ್ರ

ದಾವಣಗೆರೆಯಲ್ಲಿ ನಮ್ಮದು ಪೈಪು, ಪಂಪ್‌ಸೆಟ್ಟು ಮತ್ತು ಅವುಗಳ ಬಿಡಿಭಾಗಗಳ ವ್ಯಾಪಾರ. ಅಪ್ಪಾಜಿ, ಚಿಕ್ಕಪ್ಪ ಮತ್ತು ನಾನು ಪಾಲುದಾರರು. ವರ್ಷದ ವಹಿವಾಟು ನಾಲ್ಕು ಕೋಟಿಯ ಆಸುಪಾಸಿನಲ್ಲಿದ್ದು, ಹಳ್ಳಿಯ ಗಿರಾಕಿಗಳಿಂದ ನಗದು ಬರುವುದೇ ಹೆಚ್ಚಾದ್ದರಿಂದ ಪ್ರತಿ ವರ್ಷ ಆದಾಯ ತೆರಿಗೆ ಕಾಯ್ದೆಯ 44ಎಬಿ ಕಲಮಿನಂತೆ ಆಡಿಟ್ ಮಾಡಿಸಲೇಬೇಕಿತ್ತು. ಹದಿನೆಂಟು ವರ್ಷ ಆ ಕೆಲಸ ನೋಡಿಕೊಂಡಿದ್ದ ಆಡಿಟರ್ ಸಾಹೇಬರಿಗೆ ವಯಸ್ಸಾಗಿತ್ತು, ಕಚೇರಿಯಲ್ಲಿ ಹುಡುಗರು ನಿಲ್ಲುತ್ತಿರಲಿಲ್ಲ, ಜಿಎಸ್‌ಟಿ ರಿಟರ್ನು ಎರಡು ಸಲ ತಡವಾಗಿ ಲೇಟ್ ಫೀ ಕಟ್ಟಿದ್ದೆವು. 2022-23ರ ಆಡಿಟ್ ಮುಗಿದು 2023ರ ಸೆಪ್ಟೆಂಬರ್ 30 ದಾಟಿದ ಮೇಲೆ, ನವೆಂಬರ್‌ನಲ್ಲಿ, ಬದಲಿಸುವುದೆಂದು ಮೂವರೂ ಒಪ್ಪಿದೆವು. ಪತ್ರ ಬರೆಯುವ ಕೆಲಸ ನನ್ನ ಪಾಲಿಗೆ ಬಂತು.

ಮೊದಲ ಕರಡು ಅರ್ಧ ಪುಟದ್ದು. ಇಷ್ಟು ವರ್ಷದ ಸೇವೆಗೆ ಧನ್ಯವಾದ ಎಂಬ ಒಂದು ಸಾಲು, ಅದರ ಕೆಳಗೆ "ನಮ್ಮ ಎಲ್ಲ ದಾಖಲೆಗಳನ್ನೂ ವರ್ಕಿಂಗ್ ಪೇಪರ್‌ಗಳನ್ನೂ ಏಳು ದಿನದೊಳಗೆ ಹಿಂದಿರುಗಿಸಬೇಕು" ಎಂಬ ಇನ್ನೊಂದು ಸಾಲು. ಹೊಸದಾಗಿ ಬರಲಿದ್ದ ಆಡಿಟರ್ ಮೇಡಂ ಅದನ್ನು ಓದಿ, ಹೀಗೆ ಕೇಳಿದರೆ ಸಿಗಬೇಕಾದದ್ದೂ ಸಿಗುವುದಿಲ್ಲ ಎಂದರು. ನನಗೆ ಆಗ ತಿಳಿದಿರದ ಸಂಗತಿಯೆಂದರೆ, ವರ್ಕಿಂಗ್ ಪೇಪರ್ ನಮ್ಮದಲ್ಲ. ಆಡಿಟರ್ ತಮ್ಮ ಅಭಿಪ್ರಾಯಕ್ಕೆ ಆಧಾರವಾಗಿ ಬರೆದಿಟ್ಟುಕೊಂಡ ಟಿಪ್ಪಣಿ, ತಾಳೆ ನೋಡಿದ ಹಾಳೆ, ನಮ್ಮನ್ನು ಕೇಳಿದ ಪ್ರಶ್ನೆ ಮತ್ತು ಅದರ ಉತ್ತರ ಇವೆಲ್ಲ ಚಾರ್ಟರ್ಡ್ ಅಕೌಂಟೆಂಟರ ಸಂಸ್ಥೆಯ ಮಾನದಂಡದ ಪ್ರಕಾರ ಆಡಿಟರ್ ಸ್ವತ್ತು. ಅವುಗಳ ಭಾಗವನ್ನೋ ಆಯ್ದ ಪ್ರತಿಯನ್ನೋ ಗಿರಾಕಿಗೆ ಕೊಡುವುದು ಅವರ ವಿವೇಚನೆಗೆ ಬಿಟ್ಟದ್ದು. ಆಡಿಟ್ ವರದಿಯ ದಿನದಿಂದ ಕನಿಷ್ಠ ಏಳು ವರ್ಷ ಅವನ್ನು ಕಾಪಾಡಿಡಬೇಕಾದ ಹೊಣೆಯೂ ಅವರದೇ. ಇನ್ನೊಬ್ಬರ ಸ್ವತ್ತನ್ನು ಗಡುವು ಹಾಕಿ ಕೇಳಿದ ಪತ್ರವನ್ನು ಓದಿದವರು ನಮ್ಮ ಸ್ವತ್ತನ್ನು ಸಂತೋಷದಿಂದ ಕೊಡುತ್ತಾರೆಂದು ನಿರೀಕ್ಷಿಸುವಂತಿರಲಿಲ್ಲ.

ಆದ್ದರಿಂದ ಕೇಳಬೇಕಾದದ್ದನ್ನು ಮೂರು ಗುಂಪಾಗಿ ಒಡೆದುಕೊಂಡೆ. ನಾವು ಕೊಟ್ಟಿದ್ದ ಮೂಲ ಕಾಗದಗಳು ಮೊದಲನೆಯವು: ಪಾಲುದಾರಿಕೆ ಪತ್ರ, ಫರ್ಮಿನ ನೋಂದಣಿ ಪ್ರಮಾಣಪತ್ರ, 2017ಕ್ಕೆ ಮುಂಚಿನ ವ್ಯಾಟ್ ಆದೇಶಗಳು, ಖರೀದಿ ಬಿಲ್ಲಿನ ಎರಡು ಫೈಲು, ಅಪ್ಪಾಜಿಯ ಡಿಜಿಟಲ್ ಸಹಿಯ ಟೋಕನ್ನು. ಇವು ಹಿಂದಿರುಗಬೇಕಾದವು, ಇದರಲ್ಲಿ ಚರ್ಚೆಯಿಲ್ಲ. ನಮ್ಮ ಪರವಾಗಿ ಅವರು ತಯಾರಿಸಿ ಸಲ್ಲಿಸಿದ್ದು ಎರಡನೆಯದು, ಅಂದರೆ ರಿಟರ್ನುಗಳು, ಸಹಿಯಾದ ಲೆಕ್ಕಪತ್ರ, ನಮೂನೆ 3ಸಿಬಿ ಮತ್ತು 3ಸಿಡಿ, ನೋಟಿಸಿಗೆ ಕೊಟ್ಟ ಉತ್ತರಗಳು. ಇವುಗಳ ಪ್ರತಿ ಕೇಳಿದೆ. ಮೂರನೆಯದು ವರ್ಕಿಂಗ್ ಪೇಪರು. ಅದನ್ನು ವಿನಂತಿಯಾಗಿ, ಅದೂ ಹೆಸರಿಸಿ, ಎರಡನ್ನೇ ಕೇಳಿದೆ. ಅವು 2023ರ ಮಾರ್ಚ್ 31ರ ದಾಸ್ತಾನಿನ ಬೆಲೆ ಕಟ್ಟಿದ ಹಾಳೆ ಮತ್ತು ಬಾಕಿದಾರರ ಪಟ್ಟಿಯನ್ನು ತಾಳೆ ನೋಡಿದ ಹಾಳೆ.

ಈ ವಿಂಗಡಣೆಯಲ್ಲಿ ಒಂದು ವಸ್ತು ಮಾತ್ರ ಎಲ್ಲಿಗೆ ಸೇರುತ್ತದೆಂದು ತಿಳಿಯದೆ ಒಂದು ದಿನ ತಡೆದೆ. ನಮ್ಮ ಅಂಗಡಿಯ ಟ್ಯಾಲಿಯಲ್ಲಿ 2022-23ರ ಲಾಭ 14,62,000 ರೂಪಾಯಿ ಎಂದಿತ್ತು, ಸಹಿಯಾದ ಲೆಕ್ಕಪತ್ರದಲ್ಲಿ 11,08,000. ಯಾರದೂ ತಪ್ಪಲ್ಲ. ನಾವು ಏಪ್ರಿಲ್‌ನಲ್ಲಿ ಬ್ಯಾಕಪ್ಪನ್ನು ಪೆನ್ ಡ್ರೈವಿನಲ್ಲಿ ಕೊಟ್ಟುಬರುತ್ತಿದ್ದೆವು, ಆಡಿಟ್‌ನ ಕೊನೆಯ ಎಂಟ್ರಿಗಳನ್ನು ಅವರ ಕಚೇರಿಯ ಕಂಪ್ಯೂಟರಿನಲ್ಲಿ ಹಾಕುತ್ತಿದ್ದರು, ಆ ಎಂಟ್ರಿಗಳು ನಮ್ಮ ಅಂಗಡಿಗೆ ಹಿಂದಿರುಗಿ ಬರುತ್ತಲೇ ಇರಲಿಲ್ಲ. ಹೀಗಾಗಿ ನಮ್ಮ ಟ್ಯಾಲಿಯಲ್ಲಿ ಮುಂದಿನ ವರ್ಷದ ಆರಂಭದ ಶಿಲ್ಕುಗಳೇ ತಪ್ಪಾಗಿದ್ದವು, ಹಳೆಯ ಆಡಿಟರ್ ಇರುವವರೆಗೆ ಅದು ಯಾರ ಕಣ್ಣಿಗೂ ಬೀಳಲಿಲ್ಲ, ಏಕೆಂದರೆ ಸರಿಯಾದ ಪುಸ್ತಕ ಅವರ ಬಳಿ ಇತ್ತು. ಹೊಸಬರು ನಮ್ಮ ಟ್ಯಾಲಿಯಿಂದ ಶುರುಮಾಡಿದ್ದರೆ 3,54,000 ರೂಪಾಯಿಯ ವ್ಯತ್ಯಾಸವನ್ನು ಹೊತ್ತುಕೊಂಡೇ ಹೊರಡಬೇಕಿತ್ತು.

ಆ ಎಂಟ್ರಿಗಳ ಪಟ್ಟಿ ಆಡಿಟರ್ ಹಾಳೆಯಲ್ಲಿದ್ದರೂ ಅದು ಬರಿಯ ವರ್ಕಿಂಗ್ ಪೇಪರ್ ಅಲ್ಲ ಎಂದು ಮೇಡಂ ವಿವರಿಸಿದರು. ನಾವು ಸಹಿ ಹಾಕಿದ ಲೆಕ್ಕಪತ್ರ ಆ ಎಂಟ್ರಿಗಳ ಮೇಲೆ ನಿಂತಿದೆಯಾದ್ದರಿಂದ ಅವು ನಮ್ಮ ಲೆಕ್ಕಪುಸ್ತಕದ ಭಾಗ. ಆದ್ದರಿಂದ ಪತ್ರದಲ್ಲಿ ಅದನ್ನು ಎರಡನೆಯ ಗುಂಪಿಗೆ ಸೇರಿಸಿ, "ಅಂತಿಮ ಟ್ರಯಲ್ ಬ್ಯಾಲೆನ್ಸ್, ವರ್ಷಾಂತ್ಯದ ಜರ್ನಲ್ ಎಂಟ್ರಿಗಳ ಪಟ್ಟಿ ಮತ್ತು ತಮ್ಮಲ್ಲಿರುವ ಟ್ಯಾಲಿ ದತ್ತಾಂಶದ ಬ್ಯಾಕಪ್, ಪಾಸ್‌ವರ್ಡ್ ಇದ್ದರೆ ಅದರ ಸಹಿತ" ಎಂದು ಬಿಡಿಸಿ ಬರೆದೆ. ಇಡೀ ಪತ್ರದಲ್ಲಿ ಹೆಚ್ಚು ಕೆಲಸಕ್ಕೆ ಬಂದದ್ದು ಇದೇ ಸಾಲು. ಪಟ್ಟಿ ಬಂದಾಗ ವ್ಯತ್ಯಾಸ ಹತ್ತು ನಿಮಿಷದಲ್ಲಿ ಬಿಡಿಸಿಕೊಂಡಿತು: ಸವಕಳಿ 1,92,000, ಪಾಲುದಾರರ 12 ಲಕ್ಷ ಬಂಡವಾಳದ ಮೇಲೆ ಶೇಕಡಾ 12ರ ಬಡ್ಡಿ 1,44,000, ಕೊಡಬೇಕಾದ ಆಡಿಟ್ ಶುಲ್ಕ 18,000.

ಆ 18,000 ಇನ್ನೂ ಕೊಟ್ಟಿರಲಿಲ್ಲ ಎಂಬುದು ಬೇರೆಯೇ ಸಮಸ್ಯೆಯಾಗಿತ್ತು. ಶಾಸನದ ಪ್ರಕಾರ ಮಾಡಿದ ಆಡಿಟ್‌ಗೆ ತಕರಾರಿಲ್ಲದ ಶುಲ್ಕ ಬಾಕಿಯಿದ್ದರೆ ಬೇರೆ ಚಾರ್ಟರ್ಡ್ ಅಕೌಂಟೆಂಟ್ ಆ ಕೆಲಸ ಒಪ್ಪಿಕೊಳ್ಳುವಂತಿಲ್ಲ ಎಂಬುದು ಅವರ ಸಂಸ್ಥೆಯ 2008ರ ಮಾರ್ಗಸೂಚಿಯಲ್ಲಿದೆ. ಇದಲ್ಲದೆ ನೋಟಿಸೊಂದಕ್ಕೆ ಉತ್ತರ ಬರೆದದ್ದಕ್ಕೆ 7,500ರ ಬಿಲ್ಲೊಂದಿತ್ತು. ಅದು ವಾರ್ಷಿಕ ಶುಲ್ಕದಲ್ಲೇ ಸೇರಿದೆಯೆಂಬುದು ನನ್ನ ವಾದ, ಅಲ್ಲವೆಂಬುದು ಅವರದು. ತಕರಾರಿರುವುದನ್ನು ತಡೆಹಿಡಿಯಬಹುದಿತ್ತು. ಆದರೆ ಅಪ್ಪಾಜಿ, "ಹದಿನೆಂಟು ವರ್ಷದ ಋಣ ಐತಿ, ಏಳೂವರೆ ಸಾವಿರಕ್ಕೆ ಮುಖ ಕೆಡಿಸ್ಕೊಳ್ಳೋದು ಬ್ಯಾಡ" ಎಂದುಬಿಟ್ಟರು. ಎರಡನ್ನೂ ಬ್ಯಾಂಕಿನ ಮೂಲಕ ಕಟ್ಟಿ, ಪಾವತಿಯ ದಿನಾಂಕ ಮತ್ತು ಉಲ್ಲೇಖ ಸಂಖ್ಯೆಯನ್ನು ಪತ್ರದಲ್ಲಿ ಕಾಣಿಸಿದೆ.

ಪತ್ರ ಕೊಡುವ ಮೊದಲು ಅಪ್ಪಾಜಿಯೂ ನಾನೂ ಅವರ ಮನೆಗೆ ಹೋಗಿ ಬಾಯಿಮಾತಿನಲ್ಲಿ ತಿಳಿಸಿದೆವು. ಮರುದಿನ ಕಚೇರಿಯಲ್ಲಿ ಪತ್ರ ಕೊಟ್ಟು, ನಕಲಿನ ಮೇಲೆ ಸ್ವೀಕೃತಿ ಸಹಿ ಪಡೆದೆವು. ಆರಂಭದ ಭಾಗ ಹೀಗಿತ್ತು:

"ಮಾನ್ಯರೇ, ನಮ್ಮ ಫರ್ಮಿನ ಲೆಕ್ಕಪರಿಶೋಧನೆಯನ್ನು ತಾವು ಹದಿನೆಂಟು ವರ್ಷಗಳಿಂದ ನಡೆಸಿಕೊಂಡು ಬಂದಿದ್ದೀರಿ. 2017ರಲ್ಲಿ ವ್ಯಾಟ್‌ನಿಂದ ಜಿಎಸ್‌ಟಿಗೆ ಬದಲಾಗುವಾಗ ಹಳೆಯ ದಾಸ್ತಾನಿನ ತೆರಿಗೆ ಜಮೆಯನ್ನು ಒಂದು ರೂಪಾಯಿಯೂ ಕಳೆಯದಂತೆ ತಾವು ಉಳಿಸಿಕೊಟ್ಟದ್ದನ್ನು ನಾವು ಮರೆತಿಲ್ಲ. 2023-24ನೇ ಸಾಲಿನಿಂದ ಈ ಕೆಲಸವನ್ನು ಬೇರೆಯವರಿಗೆ ವಹಿಸಲು ಪಾಲುದಾರರು ತೀರ್ಮಾನಿಸಿದ್ದೇವೆ. 2022-23ರ ಜಿಎಸ್‌ಟಿ ವಾರ್ಷಿಕ ರಿಟರ್ನನ್ನು ಡಿಸೆಂಬರ್ 31ರೊಳಗೆ ತಾವೇ ಸಲ್ಲಿಸಿಕೊಡಬೇಕೆಂದು ಕೋರುತ್ತೇವೆ. ಹೊಸ ಲೆಕ್ಕಪರಿಶೋಧಕರು ತಮಗೆ ಪ್ರತ್ಯೇಕವಾಗಿ ಪತ್ರ ಬರೆಯಲಿದ್ದು, ಅವರೊಡನೆ ನಮ್ಮ ಲೆಕ್ಕದ ವಿಷಯವಾಗಿ ಮಾತನಾಡಲು ಈ ಮೂಲಕ ನಮ್ಮ ಒಪ್ಪಿಗೆ ಇದೆ."

ಇದರಲ್ಲಿ ಎರಡು ವಿಷಯಗಳನ್ನು ಬೇಕೆಂದೇ ಸೇರಿಸಿದ್ದೆ. ಯಾವ ಕೆಲಸದವರೆಗೆ ಹಳಬರು, ಯಾವುದರಿಂದ ಹೊಸಬರು ಎಂದು ಗೆರೆ ಎಳೆಯದಿದ್ದರೆ ನಡುವಿನ ರಿಟರ್ನು ಅನಾಥವಾಗುತ್ತದೆ. ಡಿಸೆಂಬರ್‌ನ ವಾರ್ಷಿಕ ರಿಟರ್ನು ಹಾಗಾಗುವುದರಲ್ಲಿತ್ತು. ಇನ್ನು ಒಪ್ಪಿಗೆಯ ಸಾಲು ಇರಬೇಕಾದದ್ದು ಗೋಪ್ಯತೆಯ ಕಾರಣಕ್ಕೆ: ನಾವು ಹೇಳದೆ ಅವರು ನಮ್ಮ ಲೆಕ್ಕವನ್ನು ಇನ್ನೊಬ್ಬರ ಮುಂದೆ ಬಿಚ್ಚುವಂತಿಲ್ಲ. ಬದಲಾವಣೆಗೆ ಕಾರಣ ಬರೆಯಲಿಲ್ಲ. ತಡವಾದ ರಿಟರ್ನಿನ ದೂರನ್ನು ಧನ್ಯವಾದದ ಪತ್ರದಲ್ಲಿ ತುರುಕುವುದು ನನಗೆ ಸರಿಕಾಣಲಿಲ್ಲ, ಅದರಿಂದ ಒಂದು ಫೈಲೂ ಬೇಗ ಬರುತ್ತಿರಲಿಲ್ಲ.

ಮೇಡಂ ತಮ್ಮ ಪತ್ರವನ್ನು ರಿಜಿಸ್ಟರ್ಡ್ ಅಂಚೆಯಲ್ಲಿ, ಸ್ವೀಕೃತಿ ಕಾರ್ಡಿನೊಂದಿಗೆ ಕಳಿಸಿದರು. ಹಿಂದಿನವರಿಗೆ ಲಿಖಿತವಾಗಿ ತಿಳಿಸದೆ ಕೆಲಸ ಒಪ್ಪಿಕೊಳ್ಳುವುದು 1949ರ ಚಾರ್ಟರ್ಡ್ ಅಕೌಂಟೆಂಟ್ಸ್ ಕಾಯ್ದೆಯಡಿ ವೃತ್ತಿ ದುರ್ನಡತೆ. ಬಜಾರಿನಲ್ಲಿ ಇದನ್ನು ಎಲ್ಲರೂ ಎನ್ಒಸಿ ಎನ್ನುತ್ತಾರೆ, ನಾನೂ ಹಾಗೇ ತಿಳಿದಿದ್ದೆ. ಆದರೆ ಕಾಯ್ದೆ ಕೇಳುವುದು ತಿಳಿಸುವುದನ್ನೇ ಹೊರತು ಅಪ್ಪಣೆಯನ್ನಲ್ಲ. ಒಪ್ಪಿಕೊಳ್ಳಬಾರದೆಂಬ ವೃತ್ತಿಪರ ಕಾರಣವೇನಾದರೂ ಇದ್ದರೆ ಹೇಳಲು ಹಳಬರಿಗೆ ಅದೊಂದು ಅವಕಾಶ. ನಮ್ಮದು ಪಾಲುದಾರಿಕೆ ಫರ್ಮಾದ್ದರಿಂದ ಇಷ್ಟಕ್ಕೇ ಮುಗಿಯಿತು. ಕಂಪನಿಯಾಗಿದ್ದರೆ ಅವಧಿಗೆ ಮೊದಲು ಆಡಿಟರನ್ನು ತೆಗೆಯಲು ಕೇಂದ್ರ ಸರ್ಕಾರದ ಪೂರ್ವಾನುಮತಿಯೂ ವಿಶೇಷ ನಿರ್ಣಯವೂ ಬೇಕು, ಅವರೇ ರಾಜೀನಾಮೆ ಕೊಟ್ಟರೆ 30 ದಿನದೊಳಗೆ ಎಡಿಟಿ-3 ನಮೂನೆ ಸಲ್ಲಿಸಬೇಕು. ಇಂಥ ಪತ್ರವೊಂದರಿಂದ ಅಲ್ಲಿ ಕೆಲಸ ನಡೆಯುವುದಿಲ್ಲ.

ಆಡಿಟರ್ ಸಾಹೇಬರು ಆರನೆಯ ದಿನ ಫೋನ್ ಮಾಡಿ, "ನೋಡು ತಮ್ಮಾ, ದಾಖಲೆ ನಿಮ್ದು, ಫೈಲು ನಮ್ದು. ನೀನು ಕೇಳಿದ್ದು ಸರಿಯಾಗೇ ಕೇಳೀಯ, ಬಾ" ಎಂದರು. ನಾನು ಪಟ್ಟಿಯ ಎರಡು ಪ್ರತಿ ಒಯ್ದಿದ್ದೆ. ಒಂದೊಂದೇ ವಸ್ತು ಮೇಜಿನ ಮೇಲೆ ಬಂದಂತೆ ಅದರ ಮುಂದೆ ಗುರುತು ಹಾಕಿ, ಕೊನೆಗೆ ಇಬ್ಬರೂ ಸಹಿ ಮಾಡಿದೆವು. ದಾಸ್ತಾನಿನ ಹಾಳೆಯ ಪ್ರತಿ ಕೊಟ್ಟರು, ಬಾಕಿದಾರರ ಹಾಳೆ ಕೊಡಲಿಲ್ಲ, ನಾನು ಒತ್ತಾಯಿಸಲೂ ಇಲ್ಲ.

ಕಾಗದಕ್ಕಿಂತ ಫೋನ್ ನಂಬರಿನ ಕೆಲಸಕ್ಕೆ ಹೆಚ್ಚು ಹೊತ್ತು ಹಿಡಿಯಿತು. ಜಿಎಸ್‌ಟಿ ಪೋರ್ಟಲಿನಲ್ಲಿ ನಮ್ಮ ಫರ್ಮಿನ ಮೊಬೈಲ್ ಸಂಖ್ಯೆಯೆಂದು ಇದ್ದದ್ದು ಅವರ ಕಚೇರಿಯದು, ಆದಾಯ ತೆರಿಗೆಯ ಪೋರ್ಟಲಿನಲ್ಲಿದ್ದದ್ದು ಎಂದೋ ಕೆಲಸ ಬಿಟ್ಟುಹೋದ ಗುಮಾಸ್ತರದು. ನೋಟಿಸು ಬಂದರೆ ನಮಗೆ ಗೊತ್ತಾಗುವ ದಾರಿಯೇ ಇರಲಿಲ್ಲ. ಪತ್ರದಲ್ಲಿ ಬಳಕೆದಾರರ ಹೆಸರು ಮತ್ತು ಪಾಸ್‌ವರ್ಡುಗಳನ್ನು ಕೇಳಿದ್ದೆನಾದರೂ ನೋಂದಾಯಿತ ಸಂಖ್ಯೆಯ ವಿಚಾರ ನನಗೆ ಹೊಳೆದಿರಲಿಲ್ಲ. ಈಗ ಬರೆಯುವುದಾದರೆ ಅದಕ್ಕೇ ಒಂದು ಸಾಲು ಕೊಡುತ್ತೇನೆ. ಅಂದು ಮಧ್ಯಾಹ್ನ ಅವರ ಎದುರೇ ಕುಳಿತು ಒಂದೊಂದಾಗಿ ಬದಲಿಸಿದೆವು. ಟಿಡಿಎಸ್‌ನ ಟ್ರೇಸಸ್ ಖಾತೆಯನ್ನೂ ಹಾಗೇ ನಮ್ಮ ಹೆಸರಿಗೆ ತಂದುಕೊಂಡು, ಅಪ್ಪಾಜಿಯ ಟೋಕನ್ನಿನ ಪಿನ್ ಬದಲಿಸಿದೆ.

ಪಟ್ಟಿಯಲ್ಲಿ ಒಂದು ವಸ್ತುವಿನ ಮುಂದೆ ಮಾತ್ರ ಗುರುತು ಬೀಳಲಿಲ್ಲ. 2014-15ರ ವ್ಯಾಟ್ ಆದೇಶದ ಮೂಲ ಪ್ರತಿಯನ್ನು ಮೂರು ಕಪಾಟುಗಳಲ್ಲಿ ಹುಡುಕಿದರೂ ಸಿಗಲಿಲ್ಲ. ಅದರ ಮುಂದೆ "ಸಿಕ್ಕಿಲ್ಲ, ಸಿಕ್ಕರೆ ಕಳಿಸಿಕೊಡಲಾಗುವುದು" ಎಂದು ಸಾಹೇಬರು ತಾವೇ ಬರೆದು ದಿನಾಂಕ ಹಾಕಿದರು. ಜನವರಿಯಲ್ಲಿ ಅವರ ಹುಡುಗ ಅಂಗಡಿಗೆ ಬಂದು, ಬೇರೊಬ್ಬರ ಫೈಲಿನೊಳಗೆ ಸೇರಿಹೋಗಿದ್ದ ಆ ನಾಲ್ಕು ಹಾಳೆಗಳನ್ನು ಕೊಟ್ಟು, ನನ್ನ ಕಡೆಯ ಪ್ರತಿಯಲ್ಲಿ ಸಹಿ ಹಾಕಿಸಿಕೊಂಡು ಹೋದ.