ಕೋಲಾರದ ಐಪಿ ವಿಳಾಸ ನೆದರ್ಲೆಂಡ್ಸ್ ಎಂದು ಕಾಣಿಸಿದಾಗ: ನನ್ನ ಅನುಭವ

ಕೋಲಾರ ಜಿಲ್ಲೆಯ ಮನೆ, ಅಂಗಡಿ, ಮಂಡಿಗಳಿಗೆ ಇಂಟರ್ನೆಟ್ ಸಂಪರ್ಕ ಒದಗಿಸುವ ಸಣ್ಣ ಸಂಸ್ಥೆಯೊಂದರಲ್ಲಿ ನಾನು ನೆಟ್‌ವರ್ಕ್ ಎಂಜಿನಿಯರ್. ಬಂಗಾರಪೇಟೆ ಮತ್ತು ಮಾಲೂರಿನ ಕಡೆ ಗ್ರಾಹಕರು ಹೆಚ್ಚಿದಂತೆ ಇಂಟರ್ನೆಟ್‌ನಲ್ಲಿ ಸಂಪರ್ಕವನ್ನು ಗುರುತಿಸುವ ಅಂಕೆಗಳಾದ ಐಪಿವಿ4 ವಿಳಾಸಗಳು ನಮ್ಮಲ್ಲಿ ಸಾಲದಾದವು. ನಮ್ಮ ವಲಯಕ್ಕೆ ವಿಳಾಸಗಳನ್ನು ಹಂಚುವ ಎಪಿನಿಕ್ ಸಂಸ್ಥೆಯ ಸಾಮಾನ್ಯ ದಾಸ್ತಾನು 2011ರ ಏಪ್ರಿಲ್‌ನಲ್ಲೇ ಮುಗಿದಿದೆ. ಅಲ್ಲಿಂದೀಚೆಗೆ ಹೊಸದಾಗಿ ಕೇಳಿದವರಿಗೆ ಸಿಗುವುದು ಅತ್ಯಲ್ಪ. ಆದ್ದರಿಂದ 256 ವಿಳಾಸಗಳ ಒಂದು ಬ್ಲಾಕನ್ನು ನೆದರ್ಲೆಂಡ್ಸ್‌ನ ಕಂಪನಿಯೊಂದರಿಂದ ಬಾಡಿಗೆಗೆ ಪಡೆದು ಬಳಕೆಗೆ ತಂದೆವು. ಇದು ನಮ್ಮ ಕ್ಷೇತ್ರದಲ್ಲಿ ಈಗ ತೀರಾ ಸಾಮಾನ್ಯವಾದ ವ್ಯವಹಾರ.

ವಿಳಾಸಗಳು ಬಳಕೆಗೆ ಬಂದ ಕೂಡಲೇ ದೂರುಗಳು ಶುರುವಾದವು. ಸರ್ಕಾರಿ ಜಾಲತಾಣವೊಂದು ತೆರೆಯುತ್ತಿರಲಿಲ್ಲ. ಸಾಮಾನು ಕೊಳ್ಳುವ ತಾಣದಲ್ಲಿ ಬೆಲೆ ಯೂರೋದಲ್ಲಿ ಬರುತ್ತಿತ್ತು. ಟೊಮೆಟೊ ಮಂಡಿಯ ವರ್ತಕರೊಬ್ಬರು ಫೋನ್ ಮಾಡಿ, “ಸಾರ್, ನಾನು ಮಂಡೀಲೇ ಕೂತಿದೀನಿ, ಬ್ಯಾಂಕಿನವರು ಹೊರದೇಶದಿಂದ ಲಾಗಿನ್ ಆಗಿದೆ ಅಂತ ಅಕೌಂಟ್ ನಿಲ್ಲಿಸವ್ರೆ” ಎಂದರು. ಆದರೆ ಅದೇ ಸಂಪರ್ಕದಲ್ಲಿ ಇನ್ನೂ ಅನೇಕ ತಾಣಗಳು ಅವರನ್ನು ಭಾರತದವರೆಂದೇ ಗುರುತಿಸುತ್ತಿದ್ದವು. ಒಂದೇ ವಿಳಾಸಕ್ಕೆ ಏಕಕಾಲದಲ್ಲಿ ಎರಡು ದೇಶಗಳು ಅಂಟಿಕೊಂಡಿದ್ದವು.

ಇದು ಹೇಗೆ ಸಾಧ್ಯ ಎಂದು ತಿಳಿಯಬೇಕಾದರೆ ಮೊದಲು ಒಂದು ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಐಪಿ ವಿಳಾಸದ ಅಂಕೆಗಳಲ್ಲಿ ಸ್ಥಳದ ಸುಳಿವು ಏನೂ ಇಲ್ಲ. ನಮ್ಮ ರೂಟರ್, ಜಾಲಗಳು ಪರಸ್ಪರ ದಾರಿ ತಿಳಿಸಲು ಬಳಸುವ ಬಿಜಿಪಿ ಮೂಲಕ ಜಗತ್ತಿನ ಉಳಿದ ರೂಟರ್‌ಗಳಿಗೆ “ಈ ಬ್ಲಾಕಿಗೆ ದಾರಿ ನಮ್ಮ ಬಳಿ ಇದೆ” ಎಂದು ಸಾರುವಾಗಲೂ ಅದರಲ್ಲಿ ಜಾಲದ ಸಂಖ್ಯೆ ಇರುತ್ತದೆಯೇ ಹೊರತು ಊರು, ದೇಶ ಯಾವುದೂ ಇರುವುದಿಲ್ಲ. ದೇಶವೆಂಬುದು ಹೊರಗಿನಿಂದ ಯಾರೋ ಕಲೆಹಾಕಿ ಅಂಟಿಸಿದ ಚೀಟಿ. ಚೀಟಿ ಅಂಟಿಸುವ ಕಂಪನಿಗಳು ಹಲವು, ಅವುಗಳ ವಿಧಾನಗಳೂ ಬೇರೆ ಬೇರೆ.

ಅವರೆಲ್ಲರೂ ಅಡಿಪಾಯವಾಗಿ ಬಳಸುವುದು ನೋಂದಣಿ ದಾಖಲೆಗಳನ್ನು. ಎಪಿನಿಕ್‌ನಂತಹ ಐದು ವಲಯ ಸಂಸ್ಥೆಗಳು ಪ್ರತಿದಿನ ತಮ್ಮ ಹಂಚಿಕೆಯ ಪಟ್ಟಿಯನ್ನು ಸಾರ್ವಜನಿಕವಾಗಿ ಪ್ರಕಟಿಸುತ್ತವೆ. ಅದರ ಒಂದು ಸಾಲು ಹೀಗಿರುತ್ತದೆ:

```
apnic|AU|ipv4|1.0.0.0|256|20110811|assigned
```

1.0.0.0ರಿಂದ ಮೊದಲಾಗುವ 256 ವಿಳಾಸಗಳನ್ನು 11 ಆಗಸ್ಟ್ 2011ರಂದು ಆಸ್ಟ್ರೇಲಿಯಾದ ಹೆಸರಿನಲ್ಲಿ ಬರೆಯಲಾಗಿದೆ ಎಂಬುದಷ್ಟೇ ಇದರ ಅರ್ಥ. ಈ ಬ್ಲಾಕಿನ 1.0.0.1 ಎಂಬ ವಿಳಾಸದಲ್ಲಿ ಇಂದು ಕ್ಲೌಡ್‌ಫ್ಲೇರ್ ಕಂಪನಿಯ, ಜಾಲತಾಣದ ಹೆಸರಿಗೆ ವಿಳಾಸ ಹುಡುಕಿಕೊಡುವ ಡಿಎನ್‌ಎಸ್ ಸೇವೆ ನಡೆಯುತ್ತಿದೆ, ಮತ್ತು ಅದೇ ವಿಳಾಸವನ್ನು ಜಗತ್ತಿನ ನೂರಾರು ನಗರಗಳಿಂದ ಒಟ್ಟಿಗೇ ಸಾರಲಾಗುತ್ತದೆ. ಕೇಳಿದವರಿಗೆ ಸಾಮಾನ್ಯವಾಗಿ ಹತ್ತಿರದ ನಗರದ ಯಂತ್ರ ಉತ್ತರಿಸುತ್ತದೆ. ಪಟ್ಟಿಯಲ್ಲಿರುವ ಆಸ್ಟ್ರೇಲಿಯಾ ಸುಳ್ಳಲ್ಲ, ಆದರೆ ಅದು ಯಂತ್ರ ಎಲ್ಲಿದೆ ಎಂಬ ಪ್ರಶ್ನೆಗೆ ಉತ್ತರವೂ ಅಲ್ಲ. ಪಹಣಿಯಲ್ಲಿ ಜಮೀನು ಯಾರ ಹೆಸರಿಗಿದೆ ಎಂದು ನೋಡಿ, ಆ ಮಾಲೀಕನ ಮನೆ ಇರುವ ಊರನ್ನೇ ಜಮೀನಿರುವ ಊರೆಂದು ತೀರ್ಮಾನಿಸಿದಂತೆ ಇದು. ಯುರೋಪಿನ ವಲಯ ಸಂಸ್ಥೆಯಾದ ರೈಪ್‌ನ ದಾಖಲೆಯಲ್ಲೂ `country` ಎಂಬ ಸಾಲು ಇದೆ. ಅದು ಕಂಪನಿಯ ಕಚೇರಿ ಇರುವ ದೇಶವೋ, ಯಂತ್ರ ಇರುವ ದೇಶವೋ ಎಂಬುದನ್ನು ಸ್ಪಷ್ಟವಾಗಿ ನಿಗದಿಪಡಿಸಿಲ್ಲ. ನಮ್ಮ ಬಾಡಿಗೆ ಬ್ಲಾಕಿನಲ್ಲಿ ಆ ಸಾಲು `NL` ಎಂದಿತ್ತು.

ಈ ಅಡಿಪಾಯದ ಮೇಲೆ ಡೇಟಾಬೇಸ್ ಕಂಪನಿಗಳು ಬೇರೆ ಸುಳಿವುಗಳನ್ನು ಜೋಡಿಸುತ್ತವೆ: ಬ್ಲಾಕನ್ನು ಸಾರುತ್ತಿರುವ ಜಾಲ ಯಾವುದು, ವಿಳಾಸಕ್ಕೆ ಡಿಎನ್‌ಎಸ್‌ನಲ್ಲಿ ಇಟ್ಟಿರುವ ಹೆಸರಿನಲ್ಲಿ ನಗರದ ಗುರುತು ಇದೆಯೇ, ಬೇರೆ ಬೇರೆ ನಗರಗಳಿಂದ ಕಳಿಸಿದ ಪಿಂಗ್ ಎಂಬ ಪರೀಕ್ಷಾ ಸಂದೇಶ ಎಷ್ಟು ಬೇಗ ಮರಳುತ್ತದೆ, ಜಾಲದ ಮಾಲೀಕರೇ ಏನು ಹೇಳಿಕೊಂಡಿದ್ದಾರೆ ಎಂಬುವು ಮುಖ್ಯವಾದವು. ಸುಳಿವುಗಳು ಒಂದಕ್ಕೊಂದು ವಿರುದ್ಧವಾದಾಗ ಯಾವುದಕ್ಕೆ ಎಷ್ಟು ತೂಕ ಕೊಡಬೇಕೆಂಬುದು ಆಯಾ ಕಂಪನಿಯ ತೀರ್ಮಾನ. ಸುಳಿವೇ ಇಲ್ಲದಾಗಲೂ ಡೇಟಾಬೇಸ್ ಏನಾದರೊಂದು ಉತ್ತರ ಕೊಟ್ಟುಬಿಡುವುದು ಇನ್ನೂ ಅಪಾಯಕರ. ಅಮೆರಿಕದ ವಿಳಾಸ ಎಂಬುದಕ್ಕಿಂತ ಹೆಚ್ಚೇನೂ ತಿಳಿಯದ ಕೋಟ್ಯಂತರ ವಿಳಾಸಗಳಿಗೆ ಮ್ಯಾಕ್ಸ್‌ಮೈಂಡ್ ಕಂಪನಿ ದೇಶದ ನಡುಭಾಗದ ಒಂದು ಬಿಂದುವನ್ನು ಕೊಟ್ಟಿತ್ತು. ಆ ಬಿಂದು ಕಾನ್ಸಸ್ ರಾಜ್ಯದ ಒಂದು ತೋಟದ ಮನೆಯ ಬಳಿ ಬಿದ್ದಿದ್ದರಿಂದ, ಅಲ್ಲಿದ್ದವರ ಬಾಗಿಲಿಗೆ ವರ್ಷಗಟ್ಟಲೆ ಪೊಲೀಸರು ಬಂದರು ಎಂಬುದು 2016ರಲ್ಲಿ ಬೆಳಕಿಗೆ ಬಂತು.

ನಮ್ಮ ಸಮಸ್ಯೆಯನ್ನು ನಾನು ಬಿಡಿಸಿದ ಕ್ರಮವನ್ನು ಈಗ ಹೇಳುತ್ತೇನೆ. ನಿಜವಾದ ಬ್ಲಾಕಿನ ಬದಲು, ಬರಹಗಳಲ್ಲಿ ಉದಾಹರಣೆ ಕೊಡಲೆಂದೇ ಕಾಯ್ದಿರಿಸಿರುವ 256 ವಿಳಾಸಗಳ 203.0.113.0/24 ಬ್ಲಾಕನ್ನು ಇಲ್ಲಿ ಬಳಸಿದ್ದೇನೆ. ಉಚಿತವಾಗಿ ಸಿಗುವ ಡೇಟಾಬೇಸ್ ಕಡತವನ್ನು ಇಳಿಸಿಕೊಂಡು ಈ ಆದೇಶ ಕೊಟ್ಟೆ:

```
mmdblookup --file GeoLite2-Country.mmdb --ip 203.0.113.25
```

ಈ ಬಗೆಯ ಉತ್ತರದಲ್ಲಿ `country` ಮತ್ತು `registered_country` ಎಂಬ ಎರಡು ಪ್ರತ್ಯೇಕ ಭಾಗಗಳಿರುತ್ತವೆ. ಮೊದಲನೆಯದು ವಿಳಾಸ ಬಳಕೆಯಲ್ಲಿದೆ ಎಂದು ಡೇಟಾಬೇಸ್ ಊಹಿಸಿದ ದೇಶ, ಎರಡನೆಯದು ಕಾಗದದ ಮೇಲಿನ ದೇಶ. ಇವೆರಡೂ ಬೇರೆಯಾಗಿದ್ದರೆ ಬ್ಲಾಕು ಕೈ ಬದಲಿಸಿರಬಹುದು ಅಥವಾ ಬಾಡಿಗೆಗೆ ಹೋಗಿರಬಹುದು. ಜಾಲತಾಣ ಕಟ್ಟುವವರು ಅವಸರದಲ್ಲಿ ಎರಡನೆಯದನ್ನು ಓದಿಕೊಂಡರೆ, ಡೇಟಾಬೇಸ್ ಸರಿಯಿದ್ದರೂ ಉತ್ತರ ತಪ್ಪಾಗುತ್ತದೆ. ನಮ್ಮ ವಿಷಯದಲ್ಲಿ ಎರಡೂ ನೆದರ್ಲೆಂಡ್ಸ್ ಎಂದೇ ಇದ್ದವು. ಇನ್ನೊಂದು ಕಂಪನಿಯ ಡೇಟಾಬೇಸ್ ಮಾತ್ರ ಭಾರತ ಎನ್ನುತ್ತಿತ್ತು.

ಎರಡನೆಯ ಕಂಪನಿ ಹೇಗೆ ಸರಿಯಾಗಿ ಕಂಡುಕೊಂಡಿತೆಂಬುದು ಪಿಂಗ್ ಅಳತೆಯಿಂದ ಅರ್ಥವಾಗುತ್ತದೆ. ಫೈಬರ್‌ನಲ್ಲಿ ಬೆಳಕು ಒಂದು ಮಿಲಿಸೆಕೆಂಡಿಗೆ ಸುಮಾರು 200 ಕಿ.ಮೀ. ಸಾಗುತ್ತದೆ, ಹೋಗಿ ಬರುವ ದಾರಿ ಎಂದರೆ ಪ್ರತಿ ಮಿಲಿಸೆಕೆಂಡಿಗೆ 100 ಕಿ.ಮೀ. ದೂರವೇ ಗರಿಷ್ಠ ಮಿತಿ. ಬೆಂಗಳೂರಿನ ಯಂತ್ರದಿಂದ ನಮ್ಮ ವಿಳಾಸಕ್ಕೆ ಕಳಿಸಿದ ಪಿಂಗ್ 4 ಮಿಲಿಸೆಕೆಂಡಿನೊಳಗೆ ಮರಳುತ್ತಿತ್ತು. ಅಂದರೆ ಆ ವಿಳಾಸ ಬೆಂಗಳೂರಿನಿಂದ 400 ಕಿ.ಮೀ. ಆಚೆ ಇರುವುದು ಭೌತಿಕವಾಗಿ ಅಸಾಧ್ಯ. ಆಮ್‌ಸ್ಟರ್‌ಡ್ಯಾಮ್ ಸುಮಾರು 7,700 ಕಿ.ಮೀ. ದೂರದಲ್ಲಿದೆ, ಕೇಬಲ್ ನೇರ ಗೆರೆಯಲ್ಲೇ ಹೋಗಿದ್ದರೂ 77 ಮಿಲಿಸೆಕೆಂಡಿಗಿಂತ ಮೊದಲು ಅಲ್ಲಿಂದ ಉತ್ತರ ಬರಲಾರದು. ಈ ವಾದವನ್ನು ತಿರುಗಿಸಿ ಹೇಳಲು ಬಾರದು ಎಂಬುದನ್ನು ಮಾತ್ರ ಮರೆಯಬಾರದು: ಪಿಂಗ್ ನಿಧಾನವಾದರೆ ವಿಳಾಸ ದೂರದಲ್ಲಿದೆ ಎಂದಾಗುವುದಿಲ್ಲ, ದಾರಿ ಸುತ್ತುಬಳಸಿರಬಹುದು ಅಥವಾ ಯಂತ್ರಕ್ಕೆ ಹೊರೆಯಾಗಿರಬಹುದು. ಪಿಂಗ್‌ಗೆ ಉತ್ತರಿಸದಂತೆ ತಡೆ ಹಾಕಿರುವ ಜಾಲಗಳಲ್ಲಂತೂ ಈ ಅಳತೆ ನಡೆಯುವುದೇ ಇಲ್ಲ. ಈ ಕಾರಣಕ್ಕೆ ನಮ್ಮ ಬ್ಲಾಕಿನ ಕೆಲವು ವಿಳಾಸಗಳಾದರೂ ಪಿಂಗ್‌ಗೆ ಸದಾ ಉತ್ತರಿಸುವಂತೆ ಬಿಟ್ಟಿದ್ದೇನೆ.

ಮೊದಲ ತಿದ್ದುಪಡಿಯಾಗಿ ಬ್ಲಾಕಿನ ಮಾಲೀಕ ಕಂಪನಿಗೆ ಬರೆದು, ನೋಂದಣಿಯ `country` ಸಾಲನ್ನು `IN` ಮಾಡಿಸಿದೆ. ಜೊತೆಗೆ ಜಿಯೋಫೀಡ್ ಕಡತವೊಂದನ್ನು ಸಿದ್ಧಪಡಿಸಿದೆ. ತನ್ನ ಯಾವ ಬ್ಲಾಕು ಎಲ್ಲಿ ಬಳಕೆಯಲ್ಲಿದೆ ಎಂದು ಜಾಲವೇ ಪ್ರಕಟಿಸುವ ಸರಳ ಪಟ್ಟಿ ಇದು. ಇದರ ರೂಪವನ್ನು 2020ರ ಆರ್‌ಎಫ್‌ಸಿ 8805 ಎಂಬ ತಾಂತ್ರಿಕ ದಾಖಲೆ ವಿವರಿಸುತ್ತದೆ. ನಮ್ಮದು ಒಂದೇ ಸಾಲು:

```
203.0.113.0/24,IN,IN-KA,Kolar,
```

ಕಡತವನ್ನು ನಮ್ಮ ಜಾಲತಾಣದಲ್ಲಿಟ್ಟರೆ ಸಾಲದು, ಅದು ಎಲ್ಲಿದೆ ಎಂಬುದನ್ನು ನೋಂದಣಿ ದಾಖಲೆಯ `geofeed` ಸಾಲಿನಲ್ಲಿ ಮಾಲೀಕರಿಂದಲೇ ಬರೆಸಬೇಕು. ಹಾಗೆ ಬರೆದಾಗ, ಆ ದಾಖಲೆಯ ವ್ಯಾಪ್ತಿಗೆ ಬರುವ ವಿಳಾಸಗಳ ಮಟ್ಟಿಗೆ ಮಾತ್ರ ಕಡತದ ಮಾತನ್ನು ನಂಬಬೇಕೆಂಬ ನಿಯಮವಿದೆ. ಇಲ್ಲವಾದರೆ ಯಾರು ಬೇಕಾದರೂ ಬೇರೆಯವರ ವಿಳಾಸಗಳಿಗೆ ಊರು ಹಚ್ಚಬಹುದಿತ್ತು.

ಇಷ್ಟಾದ ಮೇಲೆ ಹೆಚ್ಚಿನ ಡೇಟಾಬೇಸ್‌ಗಳು ಕೆಲವು ವಾರಗಳಲ್ಲಿ ಭಾರತಕ್ಕೆ ಬದಲಾದವು. ಒಂದು ಮಾತ್ರ, ತಿದ್ದುಪಡಿ ಕೋರಿ ಬರೆದಾಗ ಒಪ್ಪಿ ಬದಲಿಸಿ, ಮುಂದಿನ ಆವೃತ್ತಿಯಲ್ಲಿ ಮತ್ತೆ ನೆದರ್ಲೆಂಡ್ಸ್‌ಗೆ ಮರಳಿತು. ಒಮ್ಮೆ ಸರಿಯಾದದ್ದು ಹೀಗೆ ಹಿಂದಕ್ಕೆ ಜಾರಿದರೆ, ಎಲ್ಲೋ ಹಳೆಯ ಸುಳಿವೊಂದು ಇನ್ನೂ ಉಳಿದಿದೆ ಎಂದೇ ತಿಳಿಯಬೇಕು. ವಿಳಾಸದಿಂದ ಹೆಸರು ಹುಡುಕಿ ನೋಡಿದೆ:

```
dig -x 203.0.113.25 +short
host25.ams1.example.net.
```

ಮಾಲೀಕ ಕಂಪನಿ ಹಿಂದೆ ಆ ಬ್ಲಾಕನ್ನು ಆಮ್‌ಸ್ಟರ್‌ಡ್ಯಾಮಿನ ಸರ್ವರ್‌ಗಳಿಗೆ ಬಳಸಿತ್ತು, ಮತ್ತು ಆ ಹೆಸರುಗಳು ಡಿಎನ್‌ಎಸ್‌ನಲ್ಲಿ ಹಾಗೆಯೇ ಉಳಿದಿದ್ದವು. ಹೆಸರಿನಲ್ಲಿರುವ `ams` ನಗರದ ಗುರುತೆಂದು ಡೇಟಾಬೇಸ್‌ನ ತಂತ್ರಾಂಶ ಓದುತ್ತಿತ್ತೆಂಬುದು ನನ್ನ ಅನುಮಾನ. ವಿಳಾಸದಿಂದ ಹೆಸರು ತಿಳಿಸುವ ಹಿಮ್ಮುಖ ಡಿಎನ್‌ಎಸ್‌ನಲ್ಲಿ ಆ ಬ್ಲಾಕಿನ ಅಧಿಕಾರವನ್ನು ನಮ್ಮ ಸರ್ವರ್‌ಗಳಿಗೆ ವರ್ಗಾಯಿಸಿಕೊಂಡು ಹೊಸ ಹೆಸರುಗಳನ್ನು ಕೊಟ್ಟ ನಂತರ ಆ ಡೇಟಾಬೇಸ್ ಮತ್ತೆ ಜಾರಲಿಲ್ಲ. ತಿದ್ದುಪಡಿಯ ಅರ್ಜಿಯನ್ನು ಎಲ್ಲಕ್ಕಿಂತ ಕೊನೆಗೆ ಹಾಕಬೇಕೆಂದು ನಾನು ಹೇಳುವುದು ಇದೇ ಕಾರಣಕ್ಕೆ.

ಬ್ಯಾಂಕಿನ ತೊಂದರೆ ಇದಾದ ಮೇಲೂ ಉಳಿಯಿತು. ಎಲ್ಲ ಡೇಟಾಬೇಸ್‌ಗಳ ಹೊಸ ಆವೃತ್ತಿಗಳೂ ಭಾರತ ಎನ್ನುತ್ತಿರುವಾಗ ಒಂದು ತಾಣ ಮಾತ್ರ ನಿರಾಕರಿಸಿದರೆ, ಅದು ಎಂದೋ ಇಳಿಸಿಕೊಂಡ ಹಳೆಯ ಪ್ರತಿಯನ್ನೇ ಬಳಸುತ್ತಿರುವ ಸಾಧ್ಯತೆ ಹೆಚ್ಚು. ಅವರ ತಾಂತ್ರಿಕ ವಿಭಾಗಕ್ಕೆ ನೋಂದಣಿ ದಾಖಲೆ, ಜಿಯೋಫೀಡ್ ಮತ್ತು ಪಿಂಗ್ ಅಳತೆಗಳನ್ನು ಒಟ್ಟಿಗೆ ಕಳಿಸಿದೆ. ಅವರು ಪ್ರತಿಯನ್ನು ನವೀಕರಿಸುವವರೆಗೆ ವರ್ತಕರ ಸಂಪರ್ಕವನ್ನು ನಮ್ಮ ಹಳೆಯ ಭಾರತೀಯ ಬ್ಲಾಕಿಗೆ ಬದಲಿಸಿಕೊಟ್ಟೆ.

ಇಷ್ಟೆಲ್ಲ ಮಾಡಿದರೂ ಸಿಗುವುದು ವಿಳಾಸದ ದೇಶವೇ ಹೊರತು ವ್ಯಕ್ತಿಯದಲ್ಲ. ಕೋಟಿಲಿಂಗೇಶ್ವರಕ್ಕೆ ಬಂದ ವಿದೇಶಿ ಪ್ರವಾಸಿ ತನ್ನ ದೇಶದ ಸಿಮ್‌ನಲ್ಲೇ ರೋಮಿಂಗ್ ಮಾಡುತ್ತಿದ್ದರೆ, ಆತನ ಇಂಟರ್ನೆಟ್ ಸಾಮಾನ್ಯವಾಗಿ ಸ್ವದೇಶದ ಕಂಪನಿಯ ಜಾಲದವರೆಗೆ ಹೋಗಿ ಅಲ್ಲಿಂದಲೇ ಹೊರಬೀಳುತ್ತದೆ. ಡೇಟಾಬೇಸ್ ಆ ದೇಶದ ಹೆಸರು ಹೇಳಿದರೆ ಅದು ತಪ್ಪಲ್ಲ. ವಿಪಿಎನ್ ಬಳಸುವವರ ವಿಷಯದಲ್ಲೂ ಹೀಗೆಯೇ. ಊರಿನ ಮಟ್ಟದಲ್ಲಂತೂ ಭರವಸೆ ಇನ್ನೂ ಕಡಿಮೆ: ನಮ್ಮ ಒಂದೊಂದು ವಿಳಾಸದ ಹಿಂದೆ ಮಾಲೂರಿನ ಮನೆಗಳೂ ಮುಳಬಾಗಿಲಿನ ಮನೆಗಳೂ ಒಟ್ಟಿಗೆ ಇರುವುದರಿಂದ, ಜಿಯೋಫೀಡ್‌ನಲ್ಲಿ ಕೋಲಾರಕ್ಕಿಂತ ಸೂಕ್ಷ್ಮವಾಗಿ ಬರೆಯಲು ನಾನು ಪ್ರಯತ್ನಿಸಿಲ್ಲ.

ಈಗ ಹೊಸ ಬ್ಲಾಕು ಬಾಡಿಗೆಗೆ ಪಡೆಯುವ ಮುನ್ನ, `country` ಮತ್ತು `geofeed` ಸಾಲುಗಳನ್ನು ಬದಲಿಸುವುದನ್ನೂ ಹಿಮ್ಮುಖ ಡಿಎನ್‌ಎಸ್ ಬಿಟ್ಟುಕೊಡುವುದನ್ನೂ ಮಾಲೀಕರಿಂದ ಕರಾರಿನಲ್ಲೇ ಬರೆಸಿಕೊಳ್ಳುತ್ತೇವೆ. ಗ್ರಾಹಕರನ್ನು ಅದಕ್ಕೆ ಸೇರಿಸುವ ಮೊದಲು ಬ್ಲಾಕನ್ನು ಕೆಲವು ವಾರ ಖಾಲಿಯಾಗಿ ಸಾರಿ, ಡೇಟಾಬೇಸ್‌ಗಳು ಬದಲಾಗಲು ಸಮಯ ಕೊಡುತ್ತೇವೆ. ಬಾಡಿಗೆ ಮುಗಿದು ಬ್ಲಾಕನ್ನು ಹಿಂತಿರುಗಿಸುವ ದಿನ ಜಿಯೋಫೀಡ್‌ನಿಂದ ಆ ಸಾಲನ್ನು ತೆಗೆಯುವುದೂ ನಮ್ಮ ಕೆಲಸಗಳ ಪಟ್ಟಿಯಲ್ಲಿದೆ, ಏಕೆಂದರೆ ಅದು ಉಳಿದರೆ ಮುಂದೆ ಅದನ್ನು ಪಡೆದವರು ಜಗತ್ತಿನ ಯಾವ ಮೂಲೆಯಲ್ಲಿದ್ದರೂ ಕೋಲಾರದವರೆಂದೇ ಕಾಣಿಸುತ್ತಾರೆ.